ಸಾಲ ಮಾಡಿ ಷೇರು ವಾಪಸ್ ಕೊಂಡರೆ ಇಪಿಎಸ್ ಏರುವುದು ಯಾವಾಗ?

ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಗೆಳೆಯರೊಬ್ಬರು ಅಮೆರಿಕದ ಒಂದು ಕಂಪನಿಯ ಫಲಿತಾಂಶ ತೋರಿಸಿ ಕೇಳಿದರು: "ನೋಡಿ ಸಾರ್, ಒಟ್ಟು ಲಾಭ ಹೋದ ವರ್ಷಕ್ಕಿಂತ ಕಮ್ಮಿ ಆಗಿದೆ. ಆದ್ರೆ ಒಂದು ಷೇರಿನ ಲಾಭ ಜಾಸ್ತಿ ಆಗಿದೆ. ಇದು ಹೆಂಗೆ?" ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಆ ಕಂಪನಿ ಸಾಲ ಎತ್ತಿ ತನ್ನದೇ ಷೇರುಗಳನ್ನು ವಾಪಸ್ ಕೊಂಡಿತ್ತು. ಬಡ್ಡಿ ಕಟ್ಟಿದ್ದಕ್ಕೆ ಲಾಭ ಇಳಿದಿತ್ತು. ಲಾಭ ಹಂಚಿಕೊಳ್ಳುವ ಷೇರುಗಳು ಅದಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕಡಿಮೆಯಾಗಿದ್ದವು.

ಹೀಗೆ ಆಗುವುದು ಯಾವಾಗ, ಆಗದಿರುವುದು ಯಾವಾಗ ಎಂಬುದನ್ನು ಎರಡು ಅಂಕಿಗಳು ತೀರ್ಮಾನಿಸುತ್ತವೆ.

ಒಂದು, ಗಳಿಕೆ ಇಳುವರಿ. ಮಾರುಕಟ್ಟೆಯ ಮಂದಿ ಇದನ್ನು ಅರ್ನಿಂಗ್ಸ್ ಯೀಲ್ಡ್ ಎನ್ನುತ್ತಾರೆ. ಒಂದು ಷೇರಿನ ಲಾಭವನ್ನು, ಅಂದರೆ ಇಪಿಎಸ್ ಅನ್ನು, ಷೇರಿನ ಬೆಲೆಯಿಂದ ಭಾಗಿಸಿದರೆ ಸಿಗುವ ಶೇಕಡಾವಾರು ಇದು. ಷೇರಿನ ಬೆಲೆ ಇಪಿಎಸ್‌ನ ಎಷ್ಟು ಪಟ್ಟು ಎಂದು ಹೇಳುವ ಪಿ/ಇ ಅನುಪಾತವನ್ನು ತಿರುವಿ ಹಾಕಿದರೂ ಇದೇ ಬರುತ್ತದೆ. ಪಿ/ಇ 10 ಇದ್ದರೆ ಇಳುವರಿ ಶೇ 10, ಪಿ/ಇ 20 ಇದ್ದರೆ ಶೇ 5.

ಇನ್ನೊಂದು, ತೆರಿಗೆ ಕಳೆದ ಮೇಲಿನ ಬಡ್ಡಿ ದರ. ಕಂಪನಿ ಕಟ್ಟುವ ಬಡ್ಡಿ ಖರ್ಚಿನ ಲೆಕ್ಕಕ್ಕೆ ಹೋಗುತ್ತದೆ. ಅಷ್ಟು ಲಾಭದ ಮೇಲಿನ ತೆರಿಗೆ ಉಳಿತಾಯವಾಗುತ್ತದೆ. ಬಡ್ಡಿ ಶೇ 9, ತೆರಿಗೆ ಶೇ 25 ಎಂದಾದರೆ ಕಂಪನಿಗೆ ನಿಜವಾಗಿ ಬೀಳುವ ಹೊರೆ ಶೇ 6.75. (ಶೇ 9 ಎಂದರೆ ನಮ್ಮ ಕಡೆಯ ಲೇವಾದೇವಿ ಲೆಕ್ಕದಲ್ಲಿ ತಿಂಗಳಿಗೆ ನೂರಕ್ಕೆ ಮುಕ್ಕಾಲು ರೂಪಾಯಿ.)

ಮೊದಲನೆಯದು ಎರಡನೆಯದಕ್ಕಿಂತ ಜಾಸ್ತಿ ಇದ್ದರೆ ಇಪಿಎಸ್ ಏರುತ್ತದೆ. ಕಮ್ಮಿ ಇದ್ದರೆ ಇಳಿಯುತ್ತದೆ. ನಿಯಮ ಇಷ್ಟೇ. ಆದರೆ ಈ ನಿಯಮ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅನ್ನುವುದು ಅಂಕಿ ಇಟ್ಟು ನೋಡಿದಾಗಲೇ ತಿಳಿಯುತ್ತದೆ.

ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ತೆಗೆಯುವ ಒಂದು ಲಿಸ್ಟೆಡ್ ಕಂಪನಿ ಇದೆ ಎಂದು ಕಲ್ಪಿಸಿಕೊಳ್ಳಿ. ತೆರಿಗೆ ಕಟ್ಟಿದ ಮೇಲೆ ವರ್ಷದ ಲಾಭ 10 ಕೋಟಿ ರೂಪಾಯಿ. ಷೇರುಗಳು 1 ಕೋಟಿ. ಅಲ್ಲಿಗೆ ಇಪಿಎಸ್ 10 ರೂಪಾಯಿ. ಷೇರಿನ ಬೆಲೆ 100 ರೂಪಾಯಿ, ಇಳುವರಿ ಶೇ 10. ಸಾಲ ಇಲ್ಲ. ಈಗ ಕಂಪನಿ ಶೇ 9ರ ಬಡ್ಡಿಗೆ 20 ಕೋಟಿ ಸಾಲ ತಂದು, 100 ರೂಪಾಯಿಯಂತೆ 20 ಲಕ್ಷ ಷೇರು ಕೊಂಡು ರದ್ದು ಮಾಡುತ್ತದೆ.

ವರ್ಷದ ಬಡ್ಡಿ 1.80 ಕೋಟಿ. ತೆರಿಗೆಯಲ್ಲಿ ಉಳಿಯುವುದು 45 ಲಕ್ಷ. ಹಾಗಾಗಿ ಲಾಭದಿಂದ ಕರಗುವುದು 1.35 ಕೋಟಿ. ಉಳಿದ ಲಾಭ 8.65 ಕೋಟಿ, ಉಳಿದ ಷೇರು 80 ಲಕ್ಷ. ಭಾಗಿಸಿದರೆ ಇಪಿಎಸ್ 10.81 ರೂಪಾಯಿ. ಒಂದು ಕೆಜಿ ಎಣ್ಣೆಯೂ ಹೆಚ್ಚಿಗೆ ಮಾರಾಟವಾಗಿಲ್ಲ, ಆದರೂ ಇಪಿಎಸ್ ಶೇ 8ರಷ್ಟು ಮೇಲೇರಿತು.

ಕಾರಣ ಸರಳ. ವಾಪಸ್ ಕೊಂಡ ಪ್ರತಿ ಷೇರಿನ ಪಾಲಿಗೆ 10 ರೂಪಾಯಿ ಲಾಭ ಹೋಗುತ್ತಿತ್ತು. ಅದನ್ನು ಬಿಡಿಸಿಕೊಳ್ಳಲು ತಂದ 100 ರೂಪಾಯಿಗೆ 6.75 ರೂಪಾಯಿ ಮಾತ್ರ ಹೊರೆ. ಪ್ರತಿ ಷೇರಿಗೆ 3.25 ರೂಪಾಯಿಯಂತೆ 20 ಲಕ್ಷ ಷೇರಿಗೆ 65 ಲಕ್ಷ ರೂಪಾಯಿ ಉಳಿಯಿತು. ಅದನ್ನು 80 ಲಕ್ಷ ಷೇರುಗಳು ಹಂಚಿಕೊಂಡವು. ತಲಾ 81 ಪೈಸೆ.

ಈಗ ಬೆಲೆಯೊಂದನ್ನೇ ಬದಲಿಸಿ. ಅದೇ ಕಂಪನಿಯ ಷೇರು 200 ರೂಪಾಯಿಗೆ ನಡೆಯುತ್ತಿದ್ದರೆ 20 ಕೋಟಿಗೆ ಸಿಗುವುದು 10 ಲಕ್ಷ ಷೇರು ಮಾತ್ರ. ಲಾಭ ಅದೇ 8.65 ಕೋಟಿ, ಷೇರು 90 ಲಕ್ಷ, ಇಪಿಎಸ್ 9.61 ರೂಪಾಯಿ. ಇಳಿಯಿತು. ಏರಿಕೆ ನಿಂತು ಇಳಿಕೆ ಶುರುವಾಗುವ ಗಡಿ ಎಲ್ಲಿದೆ? ನೂರನ್ನು 6.75ರಿಂದ ಭಾಗಿಸಿ. ಪಿ/ಇ 14.8, ಅಂದರೆ 148 ರೂಪಾಯಿ ಬೆಲೆ. ಅದಕ್ಕಿಂತ ಕೆಳಗೆ ಕೊಂಡರೆ ಇಪಿಎಸ್ ಏರುತ್ತದೆ, ಮೇಲೆ ಕೊಂಡರೆ ಇಳಿಯುತ್ತದೆ. ಬಡ್ಡಿ ಅಗ್ಗವಾದಷ್ಟೂ ಈ ಗಡಿ ಮೇಲಕ್ಕೆ ಹೋಗುತ್ತದೆ.

ಅಮೆರಿಕದಲ್ಲಿ 2008ರ ಬಿಕ್ಕಟ್ಟಿನ ನಂತರ ಆದದ್ದು ಇದೇ. ಬಡ್ಡಿ ದರಗಳು ನೆಲಕ್ಕಿಳಿದವು. ಆಗ ಅಲ್ಲಿನ ಕಂಪನಿ ತೆರಿಗೆ ಶೇ 35. ಶೇ 3ಕ್ಕೆ ಸಾಲ ಸಿಕ್ಕಿದರೆ ತೆರಿಗೆ ಕಳೆದು ಶೇ 2ಕ್ಕಿಂತ ಕಮ್ಮಿ ಬೀಳುತ್ತಿತ್ತು. ಗಡಿ ಪಿ/ಇ 50ರ ಆಚೆ! ಆ್ಯಪಲ್ ಕಂಪನಿ ಕೈಯಲ್ಲಿ ಬೇಕಾದಷ್ಟು ಹಣ ಇದ್ದರೂ 2013ರ ಏಪ್ರಿಲ್‌ನಲ್ಲಿ ಬಾಂಡ್ ಹೊರಡಿಸಿ 17 ಶತಕೋಟಿ ಡಾಲರ್ ಸಾಲ ಎತ್ತಿತು. ಷೇರು ಮರುಖರೀದಿ ಮತ್ತು ಡಿವಿಡೆಂಡ್‌ಗೆ ಹಣ ಹೊಂದಿಸುವುದೇ ಅದರ ಉದ್ದೇಶ. ವಿದೇಶದಲ್ಲಿದ್ದ ಹಣವನ್ನು ತಾಯ್ನಾಡಿಗೆ ತಂದರೆ ತೆರಿಗೆ ಬೀಳುತ್ತಿದ್ದುದೂ ಅದಕ್ಕೊಂದು ಕಾರಣ.

ಇಲ್ಲಿಂದ ಮುಂದಿನ ಮಾತು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಇಪಿಎಸ್ ಏರಿತು, ಹಾಗಾದರೆ ಷೇರುದಾರ ಶ್ರೀಮಂತನಾದನಾ? ಹಾಗೇನೂ ಇಲ್ಲ.

ಸಾಲ ಇಲ್ಲದಾಗ ಕಂಪನಿಯ ಒಟ್ಟು ಬೆಲೆ 100 ಕೋಟಿ ಇತ್ತು. ಈಗಲೂ ಅದೇ ಗಿರಣಿ, ಅದೇ ವ್ಯಾಪಾರ. ಅದರಲ್ಲಿ 20 ಕೋಟಿ ಸಾಲ ಕೊಟ್ಟವರ ಪಾಲು. ಉಳಿದ 80 ಕೋಟಿಯನ್ನು 80 ಲಕ್ಷ ಷೇರಿಗೆ ಹಂಚಿದರೆ ಅದೇ 100 ರೂಪಾಯಿ. ಇಪಿಎಸ್ 10.81 ಆದರೂ ಬೆಲೆ 100ರಲ್ಲೇ ನಿಂತರೆ ಪಿ/ಇ 9.25ಕ್ಕೆ ಇಳಿಯುತ್ತದೆ. ಅದು ಇಳಿಯಬೇಕಾದ್ದೇ, ಯಾಕೆಂದರೆ ಷೇರಿನ ಮೇಲಿನ ಅಪಾಯ ಈಗ ಜಾಸ್ತಿಯಾಗಿದೆ. ಬಡ್ಡಿಯ ಮೇಲೆ ಉಳಿಯುವ ತೆರಿಗೆಯಿಂದ ಕಂಪನಿಗೆ ಒಂದಿಷ್ಟು ನಿಜವಾದ ಲಾಭ ಉಂಟು. ಆದರೆ "ಪಿ/ಇ 10 ಹಾಗೇ ಇರುತ್ತದೆ, ಆದ್ದರಿಂದ ಬೆಲೆ 108 ಆಗಬೇಕು" ಎಂದು ಲೆಕ್ಕ ಹಾಕುವವರು ಈ ಅಪಾಯವನ್ನು ಮರೆತಿರುತ್ತಾರೆ.

ಆ ಅಪಾಯ ಕಣ್ಣಿಗೆ ಕಾಣುವುದು ಕೆಟ್ಟ ವರ್ಷದಲ್ಲಿ. ಮಳೆ ಕೈಕೊಟ್ಟು ಶೇಂಗಾ ದರ ಏರಿತು, ಎಣ್ಣೆಯ ದರ ಅಷ್ಟು ಏರಲಿಲ್ಲ ಎನ್ನಿ. ಬಡ್ಡಿ ಲೆಕ್ಕಕ್ಕೆ ಹಿಡಿಯುವ ಮೊದಲಿನ ಲಾಭ, ತೆರಿಗೆ ಕಳೆದು, 10 ಕೋಟಿಯಿಂದ 4 ಕೋಟಿಗೆ ಬಿತ್ತು. ಸಾಲ ಮಾಡದಿದ್ದರೆ ಇಪಿಎಸ್ 4 ರೂಪಾಯಿ ಇರುತ್ತಿತ್ತು. ಸಾಲ ಮಾಡಿದ್ದರಿಂದ 2.65 ಕೋಟಿ ಲಾಭ, 80 ಲಕ್ಷ ಷೇರು, 3.31 ರೂಪಾಯಿ. ಲಾಭ 14 ಕೋಟಿ ಬರುವ ಒಳ್ಳೆ ವರ್ಷದಲ್ಲಾದರೆ 14ರ ಬದಲು 15.81. ಏರುವಾಗಲೂ ಜಾಸ್ತಿ, ಬೀಳುವಾಗಲೂ ಜಾಸ್ತಿ.

ಸಾಲ ಮಾಡಿದರೂ ಮಾಡದಿದ್ದರೂ ಇಪಿಎಸ್ ಒಂದೇ ಆಗುವ ಮಟ್ಟ ಯಾವುದು ಎಂದು ಹುಡುಕಿದರೆ 6.75 ಕೋಟಿ ಲಾಭ ಎಂದು ಬರುತ್ತದೆ. ಮತ್ತೆ ಅದೇ ಅಂಕಿ, ಅಲ್ವಾ? 100 ರೂಪಾಯಿ ಕೊಟ್ಟು ಕೊಂಡ ಷೇರು ವರ್ಷವರ್ಷವೂ ಕನಿಷ್ಠ 6.75 ರೂಪಾಯಿ ದುಡಿಯಬೇಕು. ಹೋಲಿಕೆ ಮಾಡಿದ್ದು ಕೊಂಡ ದಿನದ ಇಳುವರಿಯನ್ನು, ಬಡ್ಡಿಯಾದರೋ ಸಾಲ ತೀರುವವರೆಗೂ ಕಟ್ಟಬೇಕಾದ್ದು.

ಇದಕ್ಕಿಂತ ಸೂಕ್ಷ್ಮವಾದ ತೊಂದರೆ ಇನ್ನೊಂದಿದೆ. ಆ 10 ಕೋಟಿ ಲಾಭ ಅಪರೂಪಕ್ಕೆ ಬಂದ ಸುಗ್ಗಿ ವರ್ಷದ್ದು, ಮುಂದಿನ ದಿನಗಳನ್ನು ನೋಡಿದರೆ ಷೇರಿನ ಸರಿಯಾದ ಬೆಲೆ 60 ರೂಪಾಯಿ ಮಾತ್ರ ಎಂದಿಟ್ಟುಕೊಳ್ಳಿ. ಒಟ್ಟು 60 ಕೋಟಿ ಬಾಳುವ ಕಂಪನಿ 20 ಕೋಟಿ ಸಾಲ ಹೊತ್ತಿತು. ಉಳಿದ 40 ಕೋಟಿಯನ್ನು 80 ಲಕ್ಷ ಷೇರಿಗೆ ಹಂಚಿದರೆ 50 ರೂಪಾಯಿ. ಷೇರು ಮಾರಿ ಹೋದವರು 60ರ ಮಾಲಿಗೆ 100 ತೆಗೆದುಕೊಂಡು ಹೋದರು. ಕಂಪನಿಯನ್ನು ನಂಬಿ ಉಳಿದವರು ಪ್ರತಿ ಷೇರಿಗೆ 10 ರೂಪಾಯಿ ಕಳೆದುಕೊಂಡರು. ಆ ವರ್ಷದ ವರದಿಯಲ್ಲಿ ಮಾತ್ರ ಇಪಿಎಸ್ ಅದೇ 10.81, ಏರಿಕೆ ಶೇ 8! ಇಳುವರಿ ಮತ್ತು ಬಡ್ಡಿಯ ಹೋಲಿಕೆಗೆ ಈ ನಷ್ಟ ಕಾಣುವುದೇ ಇಲ್ಲ.

ತಿರುಗುಮುರುಗು ಕೂಡ ಆಗಬಹುದು. ವೇಗವಾಗಿ ಬೆಳೆಯುವ ಕಂಪನಿಯ ಪಿ/ಇ 40 ಇದ್ದರೆ ಇಳುವರಿ ಶೇ 2.5. ಶೇ 9ರ ಬಡ್ಡಿಗೆ ಸಾಲ ಮಾಡಿ ಕೊಂಡರೆ ಈ ವರ್ಷದ ಇಪಿಎಸ್ ಇಳಿಯುವುದು ಖಂಡಿತ. ಆದರೂ ಲಾಭ ಮುಂದೆ ದುಪ್ಪಟ್ಟು, ಮೂರುಪಟ್ಟು ಆಗುವುದಾದರೆ ಉಳಿದ ಷೇರುದಾರರಿಗೆ ಅದು ಒಳ್ಳೆಯ ಖರೀದಿಯೇ. ಇಳುವರಿ ಕಮ್ಮಿ ಇದೆ ಎಂದಮಾತ್ರಕ್ಕೆ ಷೇರು ಬಂಡವಾಳ ಅಗ್ಗ ಎಂದಲ್ಲ. ಮುಂದಿನ ಬೆಳವಣಿಗೆಯ ಬೆಲೆ ಅದರೊಳಗೆ ಸೇರಿರುತ್ತದೆ.

ನಮ್ಮ ದೇಶದಲ್ಲಿ ಈ ಲೆಕ್ಕ ಸ್ವಲ್ಪ ಬೇರೆ ವೇಷದಲ್ಲಿ ಬರುತ್ತದೆ. ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳಿಂದ ತಂದ ಸಾಲವನ್ನು ಮರುಖರೀದಿಗೆ ಬಳಸುವಂತಿಲ್ಲ ಎಂದು ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯ 2018ರ ನಿಯಮಗಳು ಹೇಳುತ್ತವೆ. 2013ರ ಕಂಪನಿ ಕಾಯ್ದೆಯ 68ನೇ ಸೆಕ್ಷನ್ ಪ್ರಕಾರ ಮರುಖರೀದಿಯ ನಂತರ ಸಾಲ ಸ್ವಂತ ಬಂಡವಾಳದ ಎರಡು ಪಟ್ಟು ಮೀರಬಾರದು. ಹಾಗಾಗಿ ನಮ್ಮ ಚಳ್ಳಕೆರೆ ಕಂಪನಿ ಬ್ಯಾಂಕಿಗೆ ಹೋಗುವಂತಿಲ್ಲ, ಸಾಮಾನ್ಯವಾಗಿ ಕೈಯಲ್ಲಿರುವ ಹಣದಿಂದಲೇ ಕೊಳ್ಳಬೇಕು. ಆಗ ಸಾಲದ ಬಡ್ಡಿಯ ಜಾಗದಲ್ಲಿ, ಆ ಹಣ ಠೇವಣಿಯಲ್ಲಿ ದುಡಿಯುತ್ತಿದ್ದ ಬಡ್ಡಿಯನ್ನು ಇಡಬೇಕು. ಠೇವಣಿಗೆ ಶೇ 7 ಬರುತ್ತಿದ್ದರೆ ತೆರಿಗೆ ಕಳೆದು ಶೇ 5.25, ಗಡಿ ಪಿ/ಇ 19. ಅದಕ್ಕಿಂತ ದುಬಾರಿ ಬೆಲೆಗೆ ಕೊಳ್ಳುವ ಕಂಪನಿಯ ಇಪಿಎಸ್ ಇಳಿಯುತ್ತದೆ. "ಬೈಬ್ಯಾಕ್ ಅಂದರೆ ಇಪಿಎಸ್ ಏರಲೇಬೇಕು" ಎಂದು ಸುಮ್ನೆ ಹೇಳುವವರು ಈ ಹೋದ ಬಡ್ಡಿಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಕಂಪನಿಯ ವರದಿ ಕೈಗೆ ಸಿಕ್ಕಾಗ ಇದನ್ನು ಪತ್ತೆ ಹಚ್ಚುವುದು ಕಷ್ಟವಲ್ಲ. ನಿವ್ವಳ ಲಾಭ ಎಷ್ಟು ಶೇಕಡಾ ಬದಲಾಗಿದೆ, ಇಪಿಎಸ್ ಎಷ್ಟು ಬದಲಾಗಿದೆ ಎಂದು ಪಕ್ಕಪಕ್ಕ ಬರೆದುಕೊಳ್ಳಿ. ಎರಡರ ನಡುವಿನ ಅಂತರ ಷೇರುಗಳ ಸಂಖ್ಯೆಯಿಂದ ಬಂದದ್ದು. ಆಮೇಲೆ ನಗದು ಹರಿವಿನ ಪಟ್ಟಿಯಲ್ಲಿ ಹಣಕಾಸು ಚಟುವಟಿಕೆಗಳ ಭಾಗ ನೋಡಿ. ಮರುಖರೀದಿಗೆ ಹೋದ ಮೊತ್ತ ಮತ್ತು ಹೊಸ ಸಾಲದ ಮೊತ್ತ ಹತ್ತಿರ ಹತ್ತಿರ ಇದ್ದರೆ ಕಥೆ ಗೊತ್ತಾಗುತ್ತದೆ. ಲಾಭ ನಷ್ಟದ ಪಟ್ಟಿಯಲ್ಲಿ ಹಣಕಾಸು ವೆಚ್ಚವೂ ಏರಿರುತ್ತದೆ.

ಒಂದು ಎಚ್ಚರ ಬೇಕು. ಇಪಿಎಸ್ ಲೆಕ್ಕಕ್ಕೆ ಹಿಡಿಯುವುದು ವರ್ಷದ ಕೊನೆಯ ದಿನದ ಷೇರು ಸಂಖ್ಯೆಯನ್ನಲ್ಲ, ವರ್ಷವಿಡೀ ಎಷ್ಟು ಕಾಲ ಎಷ್ಟು ಷೇರು ಇದ್ದವು ಎಂಬುದರ ಸರಾಸರಿಯನ್ನು. ನಮ್ಮ ಕಂಪನಿ ಜನವರಿ ಮೊದಲ ದಿನ 20 ಲಕ್ಷ ಷೇರು ಕೊಂಡಿತು, ಮಾರ್ಚ್‌ಗೆ ವರ್ಷ ಮುಗಿಯಿತು ಎನ್ನಿ. ಸರಾಸರಿ ಷೇರು 95 ಲಕ್ಷ, ಬಡ್ಡಿಯೂ ಮೂರು ತಿಂಗಳದ್ದು ಮಾತ್ರ. ಆ ವರ್ಷದ ಇಪಿಎಸ್ 10.17 ರೂಪಾಯಿ. ಮುಂದಿನ ವರ್ಷ ವ್ಯಾಪಾರ ಒಂದಿಷ್ಟೂ ಬೆಳೆಯದಿದ್ದರೂ ಅದು 10.81 ಆಗುತ್ತದೆ, ಎರಡನೇ ವರ್ಷವೂ ಶೇ 6ರ ಬೆಳವಣಿಗೆ ಎಂದು ಕಾಣುತ್ತದೆ. ಅದಾದ ಮರುವರ್ಷದಿಂದ ಈ ಏರಿಕೆ ನಿಲ್ಲುತ್ತದೆ, ಕಂಪನಿ ಮತ್ತೆ ಸಾಲ ಎತ್ತದ ಹೊರತು.