ಡಯೋಡ್ ಒಂದೇ ದಿಕ್ಕಿಗೆ ಕರೆಂಟ್ ಹರಿಸುವುದೇಕೆ: ಸಂಧಿಯ ಅಂಚಿನಲ್ಲಿ ನಡೆಯುವ ಲೆಕ್ಕ

ಪಿ-ಎನ್ ಸಂಧಿಯ ಬಗ್ಗೆ ವೈವಾದಲ್ಲಿ ಕೇಳಿದಾಗ ಹೆಚ್ಚಿನ ವಿದ್ಯಾರ್ಥಿಗಳು ಕೊಡುವ ಉತ್ತರ ಒಂದೇ: ಫಾರ್ವರ್ಡ್ ಬಯಾಸ್ 0.7 ವೋಲ್ಟ್ ದಾಟಿದೊಡನೆ ತಡೆಗೋಡೆ ಮುರಿದು ಕರೆಂಟ್ ಹರಿಯುತ್ತದೆ, ರಿವರ್ಸ್ ಬಯಾಸ್‌ನಲ್ಲಿ ಗೋಡೆ ಎತ್ತರವಾಗಿ ಕರೆಂಟ್ ನಿಲ್ಲುತ್ತದೆ. ಈ ಉತ್ತರಕ್ಕೆ ಅಂಕ ಸಿಗಬಹುದು, ಆದರೆ ಎರಡು ಸರಳ ಪ್ರಶ್ನೆಗಳ ಎದುರು ಅದು ನಿಲ್ಲುವುದಿಲ್ಲ. 0.5 ವೋಲ್ಟ್‌ನಲ್ಲಿಯೂ ಮೈಕ್ರೋಆಂಪಿಯರ್ ಮಟ್ಟದ ಕರೆಂಟ್ ಹರಿಯುವುದು ಹೇಗೆ? ರಿವರ್ಸ್ ವೋಲ್ಟೇಜನ್ನು ಒಂದರಿಂದ ಹತ್ತಕ್ಕೆ ಏರಿಸಿದರೂ ಸೋರಿಕೆ ಕರೆಂಟ್ ಹತ್ತು ಪಟ್ಟಾಗುವುದಿಲ್ಲವೇಕೆ? ಎರಡಕ್ಕೂ ಉತ್ತರ ಇರುವುದು ಗೋಡೆಯಲ್ಲಲ್ಲ; ಸಂಧಿಯನ್ನು ಎದುರುಬದುರಾಗಿ ದಾಟುತ್ತಿರುವ ಎರಡು ಹರಿವುಗಳ ವ್ಯತ್ಯಾಸದಲ್ಲಿ.

ಲೆಕ್ಕಕ್ಕೆ ಒಂದು ನಿರ್ದಿಷ್ಟ ಸಿಲಿಕಾನ್ ಸಂಧಿಯನ್ನು ತೆಗೆದುಕೊಳ್ಳೋಣ. ಅದರ ಪಿ ಭಾಗದಲ್ಲಿ ಪ್ರತಿ ಘನ ಸೆಂಟಿಮೀಟರಿಗೆ 10¹⁷ ಅಕ್ಸೆಪ್ಟರ್ ಪರಮಾಣುಗಳೂ ಎನ್ ಭಾಗದಲ್ಲಿ 10¹⁶ ಡೋನರ್ ಪರಮಾಣುಗಳೂ ಇವೆ ಎಂದುಕೊಳ್ಳಿ. ಎರಡು ಭಾಗಗಳು ಕೂಡುವಲ್ಲಿ, ಹೆಚ್ಚು ಸಾಂದ್ರತೆಯಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೋಲ್‌ಗಳೂ ಎಲೆಕ್ಟ್ರಾನ್‌ಗಳೂ ವಿಸರಣಗೊಳ್ಳುತ್ತವೆ. ಅವು ಬಿಟ್ಟು ಹೋದ ಜಾಗದಲ್ಲಿ ಅಲುಗಾಡಲಾರದ ಅಯಾನುಗಳು ಉಳಿಯುತ್ತವೆ: ಎನ್ ಕಡೆ ಧನ, ಪಿ ಕಡೆ ಋಣ. ಈ ಅಯಾನುಗಳಿಂದ ಎನ್‌ನಿಂದ ಪಿ ಕಡೆಗೆ ಮುಖಮಾಡಿದ ವಿದ್ಯುತ್ ಕ್ಷೇತ್ರ ಹುಟ್ಟುತ್ತದೆ, ಮತ್ತು ಅದು ದಾಟಲು ಬಂದ ವಾಹಕಗಳನ್ನು ಹಿಂದಕ್ಕೆ ತಳ್ಳುತ್ತದೆ. ವಾಹಕಗಳು ಬಹುತೇಕ ಬರಿದಾದ ಈ ಪಟ್ಟಿಯೇ ಡಿಪ್ಲೀಶನ್ ವಲಯ. ಕೋಣೆಯ ಉಷ್ಣತೆಯಲ್ಲಿ ನಮ್ಮ ಸಂಧಿಯ ತಡೆ ವಿಭವ ಸುಮಾರು 0.75 ವೋಲ್ಟ್, ವಲಯದ ಅಗಲ ಸುಮಾರು 0.33 ಮೈಕ್ರೋಮೀಟರ್. ವೋಲ್ಟೇಜ್ ಚಿಕ್ಕದೆನಿಸಿದರೂ ಅಗಲ ಅತ್ಯಲ್ಪವಾದ್ದರಿಂದ ನಡುವಿನ ಕ್ಷೇತ್ರ ಸೆಂಟಿಮೀಟರಿಗೆ 46,000 ವೋಲ್ಟ್‌ನಷ್ಟಿರುತ್ತದೆ.

ಹಾಗಾದರೆ ಡಯೋಡಿನ ಎರಡು ಕಾಲುಗಳಿಗೆ ವೋಲ್ಟ್‌ಮೀಟರ್ ಜೋಡಿಸಿದರೆ 0.75 ಕಾಣಬೇಕಲ್ಲವೇ ಎಂದು ಚುರುಕಾದ ವಿದ್ಯಾರ್ಥಿಗಳು ಕೇಳುವುದುಂಟು. ಕಾಣುವುದಿಲ್ಲ. ಲೋಹ ಮತ್ತು ಸಿಲಿಕಾನ್ ಕೂಡುವ ಎರಡೂ ತುದಿಗಳಲ್ಲಿ ಅವುಗಳದೇ ಸಂಪರ್ಕ ವಿಭವಗಳಿದ್ದು, ಸುತ್ತಿನ ಒಟ್ಟು ಮೊತ್ತ ಸೊನ್ನೆಯಾಗುತ್ತದೆ. ಹಾಗಾಗದಿದ್ದರೆ, ಎಲ್ಲಿಂದಲೂ ಶಕ್ತಿ ಪಡೆಯದೆ ಬಲ್ಬು ಉರಿಸುವ ಬ್ಯಾಟರಿಯೊಂದು ನಮ್ಮ ಕೈಗೆ ಸಿಕ್ಕಂತಾಗುತ್ತಿತ್ತು.

ಬಯಾಸ್ ಇಲ್ಲದಾಗ ಕರೆಂಟ್ ಸೊನ್ನೆಯೆಂದರೆ ಸಂಧಿಯಲ್ಲಿ ಏನೂ ನಡೆಯುತ್ತಿಲ್ಲವೆಂದಲ್ಲ. ಪಿ ಭಾಗದ ಅಸಂಖ್ಯ ಹೋಲ್‌ಗಳ ಪೈಕಿ ಉಷ್ಣ ಚಲನೆಯಿಂದ ಸಾಕಷ್ಟು ಶಕ್ತಿ ಪಡೆದ ಕೆಲವೇ ಕೆಲವು ತಡೆಯನ್ನು ಹತ್ತಿ ಎನ್ ಭಾಗಕ್ಕೆ ಹೋಗುತ್ತಿರುತ್ತವೆ. ಇದು ವಿಸರಣ ಹರಿವು. ಅದೇ ಹೊತ್ತಿಗೆ ಎನ್ ಭಾಗದಲ್ಲಿ ಉಷ್ಣತೆಯಿಂದ ಹುಟ್ಟಿದ ವಿರಳ ಹೋಲ್‌ಗಳು, ಅಂದರೆ ಅಲ್ಪಸಂಖ್ಯಾತ ವಾಹಕಗಳು, ವಲಯದ ಅಂಚಿಗೆ ತಲುಪಿದರೆ ಕ್ಷೇತ್ರವು ಅವನ್ನು ಪಿ ಕಡೆಗೆ ಸೆಳೆದುಬಿಡುತ್ತದೆ. ಇದು ಡ್ರಿಫ್ಟ್ ಹರಿವು. ಎಲೆಕ್ಟ್ರಾನ್‌ಗಳಿಗೂ ಇದೇ ಕಥೆ, ದಿಕ್ಕು ಮಾತ್ರ ಉಲ್ಟಾ. ಸಮತೋಲನದಲ್ಲಿ ಈ ಎರಡು ಹರಿವುಗಳು ಸರಿಸಮವಾಗಿರುತ್ತವೆ.

ಈಗ ಬ್ಯಾಟರಿಯ ಧನ ತುದಿಯನ್ನು ಪಿ ಭಾಗಕ್ಕೆ ಜೋಡಿಸಿ 0.6 ವೋಲ್ಟ್ ಫಾರ್ವರ್ಡ್ ಬಯಾಸ್ ಕೊಡೋಣ. ತಡೆ 0.75ರಿಂದ 0.15 ವೋಲ್ಟ್‌ಗೆ ಇಳಿಯುತ್ತದೆ, ವಲಯ 0.15 ಮೈಕ್ರೋಮೀಟರಿನಷ್ಟಕ್ಕೆ ಕುಗ್ಗುತ್ತದೆ. ಇಲ್ಲಿ ಗಮನಿಸಬೇಕಾದುದು, ಕ್ಷೇತ್ರ ದುರ್ಬಲವಾದರೂ ಅದರ ದಿಕ್ಕು ಬದಲಾಗಿಲ್ಲ. ಅದು ಈಗಲೂ ಹೋಲ್‌ಗಳನ್ನು ಪಿ ಕಡೆಗೇ ತಳ್ಳುತ್ತಿದೆ. ಬ್ಯಾಟರಿ ವಾಹಕಗಳನ್ನು ಸಂಧಿಯಾಚೆಗೆ ನೂಕುತ್ತದೆ ಎಂಬ ವಿವರಣೆ ಆದ್ದರಿಂದ ಸರಿಯಲ್ಲ. ಬ್ಯಾಟರಿ ತಡೆಯನ್ನು ತಗ್ಗಿಸುತ್ತದೆ, ದಾಟಿಸುವ ಕೆಲಸ ವಿಸರಣದ್ದು. ತಡೆಯನ್ನು ಹತ್ತಬಲ್ಲಷ್ಟು ಶಕ್ತಿಯಿರುವ ವಾಹಕಗಳ ಸಂಖ್ಯೆ ತಡೆಯ ಎತ್ತರದೊಂದಿಗೆ ಘಾತೀಯವಾಗಿ ಬದಲಾಗುವುದರಿಂದ, ಆದರ್ಶ ಸಂಧಿಯಲ್ಲಿ ಪ್ರತಿ 60 ಮಿಲಿವೋಲ್ಟ್ ಇಳಿಕೆಗೆ ವಿಸರಣ ಹರಿವು ಸುಮಾರು ಹತ್ತು ಪಟ್ಟಾಗುತ್ತದೆ. ಡಯೋಡ್ ಸಮೀಕರಣ ಹೇಳುವುದು ಇದನ್ನೇ:

I = I_S (e^(V/V_T) − 1)

ಇಲ್ಲಿ V ಎಂದರೆ ಡಯೋಡಿನ ಮೇಲಿನ ವೋಲ್ಟೇಜ್, I_S ಎಂದರೆ ಡ್ರಿಫ್ಟ್ ಹರಿವು ಕೊಡುವ ಅತ್ಯಲ್ಪ ಕರೆಂಟ್, V_T ಎಂದರೆ ಉಷ್ಣತೆಯನ್ನು ಅವಲಂಬಿಸಿದ ವೋಲ್ಟೇಜ್, 300 ಕೆಲ್ವಿನ್‌ನಲ್ಲಿ ಅದು 25.85 ಮಿಲಿವೋಲ್ಟ್. ಘಾತೀಯ ಪದ ವಿಸರಣದ ಪಾಲು, ಕಳೆಯುವ ಒಂದು ಡ್ರಿಫ್ಟ್‌ನ ಪಾಲು. ವೋಲ್ಟೇಜಿನೊಂದಿಗೆ ಬದಲಾಗುವುದು ಮೊದಲನೆಯದು ಮಾತ್ರ ಎಂಬುದನ್ನು ಸಮೀಕರಣದ ರೂಪದಲ್ಲಿಯೇ ಓದಬಹುದು.

ಡಯೋಡಿನ ಏಕಮುಖ ಸ್ವಭಾವ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುವುದು ಎನ್ ಕಡೆಯ ಡಿಪ್ಲೀಶನ್ ಅಂಚಿನಲ್ಲಿ. ನಮ್ಮ ಸಂಧಿಯಲ್ಲಿ ಸಮತೋಲನ ಸ್ಥಿತಿಯಲ್ಲಿ ಆ ಅಂಚಿನ ಹೋಲ್‌ಗಳ ಸಾಂದ್ರತೆ ಪ್ರತಿ ಘನ ಸೆಂಟಿಮೀಟರಿಗೆ ಸುಮಾರು 22,500. ಫಾರ್ವರ್ಡ್ ಬಯಾಸ್ 0.6 ವೋಲ್ಟ್ ಆದಾಗ ಇದು ಸುಮಾರು 1,200 ಕೋಟಿ ಪಟ್ಟಾಗಿ 2.7 × 10¹⁴ ತಲುಪುತ್ತದೆ. ಅಂಚಿನಲ್ಲಿ ಹೀಗೆ ಗುಂಪುಗೂಡಿದ ಹೋಲ್‌ಗಳು ಎನ್ ಭಾಗದ ಒಳಕ್ಕೆ ವಿಸರಣಗೊಳ್ಳುತ್ತಾ, ಅಲ್ಲಿನ ಎಲೆಕ್ಟ್ರಾನ್‌ಗಳೊಂದಿಗೆ ಸೇರಿ ಇಲ್ಲವಾಗುತ್ತಾ ಹೋಗುತ್ತವೆ. ಇಲ್ಲವಾದ ಎಲೆಕ್ಟ್ರಾನ್‌ಗಳನ್ನು ತುಂಬಿಕೊಡಲು ಹೊರಗಿನ ತಂತಿಯಲ್ಲಿ ಕರೆಂಟ್ ಹರಿಯಲೇಬೇಕು. ರಿವರ್ಸ್ ಬಯಾಸ್‌ನಲ್ಲಿ ಇದೇ ಸಾಂದ್ರತೆ ಕೆಳಗಿಳಿಯುತ್ತದೆ, ಆದರೆ ಎಷ್ಟು ಇಳಿದೀತು? ಕೇವಲ 0.1 ವೋಲ್ಟ್ ರಿವರ್ಸ್ ಕೊಟ್ಟರೆ 22,500 ಇದ್ದದ್ದು 500ಕ್ಕಿಂತ ಕಡಿಮೆಯಾಗುತ್ತದೆ, ಅಲ್ಲಿಂದ ಮುಂದೆ ಸೊನ್ನೆಗೆ ಹತ್ತಿರವಾಗುತ್ತದೆ, ಅಷ್ಟೇ. ಸೊನ್ನೆಗಿಂತ ಕಡಿಮೆ ಹೋಲ್‌ಗಳಿರಲು ಸಾಧ್ಯವಿಲ್ಲ. ಒಂದು ದಿಕ್ಕಿನಲ್ಲಿ ಕೋಟಿಗಟ್ಟಲೆ ಪಟ್ಟು ಏರಲು ಅವಕಾಶವಿದೆ, ಇನ್ನೊಂದು ದಿಕ್ಕಿನಲ್ಲಿ ಇಳಿಯಲು ಇರುವುದೇ 22,500. ಹರಿಸುವಿಕೆಯೂ ತಡೆಯುವಿಕೆಯೂ ಈ ಒಂದೇ ಲೆಕ್ಕದ ಎರಡು ಬದಿಗಳು.

ರಿವರ್ಸ್ ಬಯಾಸ್ 5 ವೋಲ್ಟ್ ಆದಾಗ ವಲಯ ಸುಮಾರು 0.91 ಮೈಕ್ರೋಮೀಟರಿಗೆ ಅಗಲವಾಗಿ ಕ್ಷೇತ್ರ ಬಲವಾಗುತ್ತದೆ. ಬಲವಾದ ಕ್ಷೇತ್ರ ಹೆಚ್ಚು ಅಲ್ಪಸಂಖ್ಯಾತ ವಾಹಕಗಳನ್ನು ಸೆಳೆಯಬೇಡವೇ? ಇಲ್ಲ, ಏಕೆಂದರೆ ಅಂಚಿಗೆ ಬಂದ ಪ್ರತಿಯೊಂದನ್ನೂ ಅದು ಮೊದಲೇ ಸೆಳೆಯುತ್ತಿತ್ತು. ಜಲಪಾತದ ಎತ್ತರ ಹೆಚ್ಚಿಸಿದರೆ ಧುಮುಕುವ ನೀರಿನ ಪ್ರಮಾಣ ಹೆಚ್ಚುವುದಿಲ್ಲ, ಅದನ್ನು ನಿರ್ಧರಿಸುವುದು ಮೇಲೆ ಹರಿದು ಬರುವ ಹೊಳೆ. ಇಲ್ಲಿ ಆ ಹೊಳೆ ಉಷ್ಣತೆಯಿಂದ ಹುಟ್ಟುವ ವಾಹಕಗಳದು. ಸೋರಿಕೆಯನ್ನು ನಿಜವಾಗಿ ಏರಿಸುವುದು ಉಷ್ಣತೆ: ಸಿಲಿಕಾನ್ ಡಯೋಡಿನಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಅದು ಎರಡು ಪಟ್ಟಾಗುತ್ತದೆ ಎಂಬುದು ಬಳಕೆಯಲ್ಲಿರುವ ಅಂದಾಜು. ವೋಲ್ಟೇಜ್ ಬಹಳ ಹೆಚ್ಚಾದಾಗ ಅವಲಾಂಚ್ ಬ್ರೇಕ್‌ಡೌನ್ ಆಗುವುದು ಬೇರೆಯದೇ ಕ್ರಿಯೆ, ಅದು ಈ ಸಮೀಕರಣದ ಒಳಗಿಲ್ಲ.

ಇನ್ನು 0.7 ವೋಲ್ಟ್‌ಗೆ ಬರೋಣ. I_S ಅನ್ನು 10⁻¹⁴ ಆಂಪಿಯರ್ ಎಂದಿಟ್ಟುಕೊಂಡು, ಡಯೋಡನ್ನು 1 ಕಿಲೋಓಮ್ ರೆಸಿಸ್ಟರಿನ ಮೂಲಕ 5 ವೋಲ್ಟ್‌ಗೆ ಜೋಡಿಸಿ. ಮೊದಲ ಅಂದಾಜಿಗೆ ಡಯೋಡಿನ ಮೇಲೆ 0.7 ಎಂದುಕೊಂಡರೆ ಕರೆಂಟ್ 4.3 ಮಿಲಿಆಂಪಿಯರ್. ಆ ಕರೆಂಟಿಗೆ ಸಮೀಕರಣ ಕೊಡುವ ವೋಲ್ಟೇಜ್ 0.692, ಅದನ್ನು ಮತ್ತೆ ಹಾಕಿದರೆ ಕರೆಂಟ್ 4.308, ಅಲ್ಲಿಗೆ ಲೆಕ್ಕ ನಿಲ್ಲುತ್ತದೆ. ಸಪ್ಲೈ 10 ವೋಲ್ಟ್‌ಗೆ ಏರಿಸಿದರೆ ಕರೆಂಟ್ ಎರಡು ಪಟ್ಟಿಗಿಂತಲೂ ತುಸು ಹೆಚ್ಚಾದರೂ ಡಯೋಡ್ ವೋಲ್ಟೇಜ್ 0.712 ಮಾತ್ರ. ಅದೇ 5 ವೋಲ್ಟ್‌ಗೆ 1 ಮೆಗಾಓಮ್ ಹಾಕಿ ನೋಡಿ: ಕರೆಂಟ್ ಸುಮಾರು 4.5 ಮೈಕ್ರೋಆಂಪಿಯರ್, ಡಯೋಡ್ ವೋಲ್ಟೇಜ್ 0.515. ಹೀಗಾಗಿ 0.7 ಎಂಬುದು ದಾಟಬೇಕಾದ ಹೊಸ್ತಿಲಲ್ಲ. ಮಿಲಿಆಂಪಿಯರ್ ಮಟ್ಟದ ಕರೆಂಟ್ ಹರಿಯುವಾಗ ಕಾಣಸಿಗುವ ವೋಲ್ಟೇಜ್ ಅಷ್ಟೇ. ಗ್ರಾಫ್‌ನಲ್ಲಿ ಕಾಣುವ ಮೊಣಕಾಲು ಕೂಡ ಅಕ್ಷದ ಸ್ಕೇಲ್ ಮಿಲಿಆಂಪಿಯರ್‌ನಲ್ಲಿರುವುದರ ಫಲ. ಕರೆಂಟ್ ಅಕ್ಷವನ್ನು ಲಾಗರಿದಮಿಕ್ ಮಾಡಿದರೆ ಆ ಮೊಣಕಾಲು ಮಾಯವಾಗಿ ಬಹುಮಟ್ಟಿಗೆ ಸರಳ ರೇಖೆ ಉಳಿಯುತ್ತದೆ.

ರಿವರ್ಸ್ ಕರೆಂಟನ್ನು ನೋಡಲು ಹೊರಟವರು ಸಾಮಾನ್ಯವಾಗಿ ಅದೇ 1 ಕಿಲೋಓಮ್ ರೆಸಿಸ್ಟರಿನ ಮೇಲೆ ವೋಲ್ಟೇಜ್ ಅಳೆದು, ಸೊನ್ನೆ ಕಂಡು, ಕರೆಂಟೇ ಇಲ್ಲವೆಂದು ರೆಕಾರ್ಡಿನಲ್ಲಿ ಬರೆಯುತ್ತಾರೆ. 5 ನ್ಯಾನೋಆಂಪಿಯರ್ ಹರಿದರೂ ಅಲ್ಲಿ ಸಿಗುವುದು 5 ಮೈಕ್ರೋವೋಲ್ಟ್, ಸಾಮಾನ್ಯ ಮೀಟರಿಗೆ ಅದು ಕಾಣಿಸದು. ಬದಲಿಗೆ ಮೀಟರನ್ನೇ ರೆಸಿಸ್ಟರಾಗಿ ಬಳಸಿ. ಹೆಚ್ಚಿನ ಡಿಜಿಟಲ್ ಮೀಟರುಗಳ ಒಳರೋಧ ಡಿಸಿ ವೋಲ್ಟ್ ರೇಂಜಿನಲ್ಲಿ 10 ಮೆಗಾಓಮ್ ಇರುತ್ತದೆ. 1N4148 ಡಯೋಡಿನ ಪಟ್ಟೆಯಿರುವ ಕಾಲನ್ನು 10 ವೋಲ್ಟ್ ಸಪ್ಲೈಯ ಧನ ತುದಿಗೆ ಜೋಡಿಸಿ, ಇನ್ನೊಂದು ಕಾಲಿನಿಂದ ಮೀಟರಿನ ಮೂಲಕ ಋಣ ತುದಿಗೆ ಸರಣಿಯಲ್ಲಿ ತನ್ನಿ. ಮೀಟರ್ 50 ಮಿಲಿವೋಲ್ಟ್ ತೋರಿಸಿದರೆ ಸೋರಿಕೆ 5 ನ್ಯಾನೋಆಂಪಿಯರ್ ಎಂದರ್ಥ. ಡೇಟಾಶೀಟ್ ಈ ಡಯೋಡಿಗೆ 25 ಡಿಗ್ರಿಯಲ್ಲಿ, 20 ವೋಲ್ಟ್‌ನಲ್ಲಿ ಕೊಡುವ ಗರಿಷ್ಠ ಮಿತಿ 25 ನ್ಯಾನೋಆಂಪಿಯರ್. ಬಿಸಿ ಸೋಲ್ಡರಿಂಗ್ ಐರನ್ನನ್ನು ಮುಟ್ಟಿಸದೆ ಹತ್ತಿರ ಹಿಡಿದರೆ ಅಂಕಿ ಏರುವುದು ಕಾಣುತ್ತದೆ. ಗಾಜಿನ ಕವಚವಾದ್ದರಿಂದ ಪ್ರಖರ ಬೆಳಕು ಬಿದ್ದರೂ ಏರುತ್ತದೆ: ಬೆಳಕು ಸಂಧಿಯಲ್ಲಿ ಹೊಸ ಎಲೆಕ್ಟ್ರಾನ್-ಹೋಲ್ ಜೋಡಿಗಳನ್ನು ಹುಟ್ಟಿಸುತ್ತದೆ. ಆದ್ದರಿಂದ ಅಳೆಯುವಾಗ ಡಯೋಡನ್ನು ಮುಚ್ಚಿಡಬೇಕು, ಮತ್ತು ಎರಡೂ ಕಾಲುಗಳನ್ನು ಬೆರಳಿನಿಂದ ಹಿಡಿಯಬಾರದು. ಹಿಡಿದರೆ ಮೀಟರ್ ತೋರಿಸುವುದು ನಿಮ್ಮ ಚರ್ಮದ ಕರೆಂಟನ್ನು.

ಹೀಗೆ ಅಳೆದದ್ದು ನ್ಯಾನೋಆಂಪಿಯರ್, ನಾವು ಲೆಕ್ಕದಲ್ಲಿ ಇಟ್ಟುಕೊಂಡ I_S ಅದರ ಲಕ್ಷದಲ್ಲೊಂದು ಪಾಲಿಗಿಂತ ಕಡಿಮೆ. ಈ ಅಂತರ ಅಳತೆಯ ದೋಷವಲ್ಲ. ಮೇಲಿನ ಸಮೀಕರಣ ಅಂಚಿನ ಹೊರಗೆ ಹುಟ್ಟಿದ ವಾಹಕಗಳನ್ನಷ್ಟೇ ಎಣಿಸುತ್ತದೆ. ನಿಜವಾದ ಸಿಲಿಕಾನ್ ಡಯೋಡಿನಲ್ಲಿ ಡಿಪ್ಲೀಶನ್ ವಲಯದ ಒಳಗೇ ಹುಟ್ಟುವ ಜೋಡಿಗಳು ಮತ್ತು ಮೇಲ್ಮೈಯ ಸೋರಿಕೆ ಅದಕ್ಕಿಂತ ಬಹಳ ದೊಡ್ಡವು. ವೋಲ್ಟೇಜ್ ಏರಿದಂತೆ ವಲಯ ಅಗಲವಾಗುವುದರಿಂದ ಅಳೆದ ಸೋರಿಕೆಯೂ ನಿಧಾನವಾಗಿ ಏರುತ್ತದೆ.

ಕೊನೆಯದಾಗಿ, ತಡೆಯುವಿಕೆ ಕ್ಷಣಮಾತ್ರದಲ್ಲಿ ಆಗುವುದಿಲ್ಲ. ಫಾರ್ವರ್ಡ್ ಇದ್ದಾಗ ಎನ್ ಭಾಗದಲ್ಲಿ ಸೇರಿಕೊಂಡ ಹೋಲ್‌ಗಳು ಹೊರಹೋಗುವವರೆಗೆ ಅಥವಾ ಎಲೆಕ್ಟ್ರಾನ್‌ಗಳೊಂದಿಗೆ ಸೇರಿ ಮುಗಿಯುವವರೆಗೆ, ಡಯೋಡ್ ರಿವರ್ಸ್ ದಿಕ್ಕಿಗೂ ಕರೆಂಟ್ ಹರಿಸುತ್ತದೆ. 1N4148ಕ್ಕೆ ಈ ಅವಧಿ ಗರಿಷ್ಠ 4 ನ್ಯಾನೋಸೆಕೆಂಡ್. 50 ಹರ್ಟ್ಸ್ ರೆಕ್ಟಿಫೈಯರಿಗಾಗಿ ಮಾಡಿದ 1N4007ರಲ್ಲಿ ಅದು ಮೈಕ್ರೋಸೆಕೆಂಡ್ ಮಟ್ಟದ್ದು. ಅದನ್ನೇ 50 ಕಿಲೋಹರ್ಟ್ಸ್ ಸ್ವಿಚಿಂಗ್ ಸರ್ಕ್ಯೂಟಿನಲ್ಲಿ ಹಾಕಿದರೆ, 20 ಮೈಕ್ರೋಸೆಕೆಂಡಿನ ಪ್ರತಿ ಆವರ್ತದಲ್ಲಿ ಗಣನೀಯ ಹೊತ್ತು ಅದು ಎರಡೂ ದಿಕ್ಕಿಗೆ ತೆರೆದಿರುತ್ತದೆ. ಮೀಟರಿನ ಡಯೋಡ್ ಟೆಸ್ಟ್‌ನಲ್ಲಿ ಏನೂ ದೋಷ ಕಾಣದ ಡಯೋಡ್ ಬೋರ್ಡಿನಲ್ಲಿ ಮಾತ್ರ ಸುಡುವಷ್ಟು ಬಿಸಿಯಾಗುತ್ತಿದ್ದರೆ, ಸರಣಿಯಲ್ಲಿ ಚಿಕ್ಕ ರೆಸಿಸ್ಟರ್ ಹಾಕಿ ಅದರ ಮೇಲಿನ ಅಲೆಯನ್ನು ಆಸಿಲೋಸ್ಕೋಪಿನಲ್ಲಿ ನೋಡಿ. ಕರೆಂಟ್ ಸೊನ್ನೆಯಲ್ಲಿ ನಿಲ್ಲದೆ ಕೆಳಕ್ಕೆ ಧುಮುಕಿ ಮೇಲೆ ಬರುವುದು ಕಂಡರೆ, ಬದಲಾಯಿಸಬೇಕಾದುದು ಡಯೋಡಿನ ವರ್ಗವನ್ನು, ಅದೇ ನಂಬರಿನ ಇನ್ನೊಂದು ಡಯೋಡ್ ಹಾಕಿ ಪ್ರಯೋಜನವಿಲ್ಲ.