522 ರೂಪಾಯಿ 3,000 ಆಗುವವರೆಗೆ

ವಿಜಯನಗರದಲ್ಲಿ ಬಾಡಿಗೆ ಮನೆ ಬದಲಿಸಿದ ಗೆಳೆಯನೊಬ್ಬ ಅಡ್ವಾನ್ಸ್ ಕೊಟ್ಟು ಕೈ ಖಾಲಿ ಮಾಡಿಕೊಂಡ. ಫ್ರಿಜ್ಜು, ವಾಷಿಂಗ್ ಮಷಿನ್ನು ಕ್ರೆಡಿಟ್ ಕಾರ್ಡಿನ ಮೇಲೆ ಬಂದವು. ಬಾಕಿ 60,000 ರೂಪಾಯಿ. "ತಿಂಗಳಿಗೆ 3,000 ಕಟ್ತೀನಿ. 20 ತಿಂಗಳು, ಬಡ್ಡಿಗೆ ಇನ್ನೊಂದೆರಡು ತಿಂಗಳು ಸೇರಿಸ್ಕೋ" ಅಂದ. ನಿಜಕ್ಕೂ ಬೇಕಾಗುವುದು 44 ತಿಂಗಳು.

ಅವನ ಕಾರ್ಡಿನ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಸೇರಿದರೆ 4.13. ಅಂದರೆ ಮೊದಲ ತಿಂಗಳು 60,000ಕ್ಕೆ 2,478 ರೂಪಾಯಿ ಬಡ್ಡಿ ಮತ್ತು ತೆರಿಗೆಗೇ ಹೋಗುತ್ತದೆ. ಕಟ್ಟಿದ 3,000ದಲ್ಲಿ ಅಸಲಿಗೆ ಜಮಾ ಆಗುವುದು ಬರೀ 522.

ಈ 522ರ ಮೇಲೆ ಕಣ್ಣಿಡಿ. ಅಸಲು ಅಷ್ಟು ಇಳಿದಿದ್ದರಿಂದ ಮುಂದಿನ ತಿಂಗಳ ಬಡ್ಡಿ ಸುಮಾರು 22 ರೂಪಾಯಿ ಕಡಿಮೆ. ಉಳಿದ ಆ 22 ಕೂಡ ಅಸಲಿಗೇ ಸೇರಿ, 522 ಇದ್ದದ್ದು 544 ಆಗುತ್ತದೆ. ಹೀಗೆ ಅಸಲಿಗೆ ಹೋಗುವ ಪಾಲೂ ತಿಂಗಳಿಗೆ 4.13 ಪರ್ಸೆಂಟಿನಂತೆ ಬೆಳೆಯುತ್ತದೆ. ಸಾಲ ಪೂರ್ತಿ ತೀರಿದಾಗ ಬಡ್ಡಿ ಸೊನ್ನೆ, ಆಗ 3,000ಕ್ಕೆ 3,000 ಅಸಲಿನ ಪಾಲೇ. ಹಾಗಾಗಿ ಎಷ್ಟು ತಿಂಗಳು ಎಂಬ ಪ್ರಶ್ನೆ ಇಷ್ಟೇ: 522 ಬೆಳೆದು 3,000 ಆಗಲು ಎಷ್ಟು ತಿಂಗಳು ಬೇಕು?

ಬಾಯಿಲೆಕ್ಕದಲ್ಲೇ ನೋಡಬಹುದು. ಬೆಳೆಯುವ ಮೊತ್ತ ದುಪ್ಪಟ್ಟಾಗಲು ಎಷ್ಟು ತಿಂಗಳು ಅಂತ ಅಂದಾಜು ಮಾಡಲು 70ನ್ನು ತಿಂಗಳ ಪರ್ಸೆಂಟಿನಿಂದ ಭಾಗಿಸಿದರೆ ಸಾಕು. 70ನ್ನು 4.13ರಿಂದ ಭಾಗಿಸಿದರೆ ಸುಮಾರು 17. ಅಂದರೆ 17 ತಿಂಗಳಿಗೊಮ್ಮೆ ಈ ಪಾಲು ದುಪ್ಪಟ್ಟಾಗುತ್ತದೆ. 522, 1,044, 2,088. ಎರಡು ಸಲ ದುಪ್ಪಟ್ಟಾಗುವ ಹೊತ್ತಿಗೆ 34 ತಿಂಗಳು, 3,000 ತಲುಪಲು ಇನ್ನೂ ಒಂಬತ್ತು. ಸ್ಪ್ರೆಡ್‌ಶೀಟಿನಲ್ಲಾದರೆ ಒಂದೇ ಸಾಲು:

```
=NPER(0.0413,-3000,60000)
```

ಉತ್ತರ 43.2. ಆ ಚೂರುಪಾರು ಕೊನೆಯ, 44ನೇ ತಿಂಗಳ ಸಣ್ಣ ಕಂತು. ಒಟ್ಟು ಕಟ್ಟುವುದು ಸುಮಾರು 1,29,600 ರೂಪಾಯಿ. ಜಿಎಸ್‌ಟಿ ಇಲ್ಲದಿದ್ದರೆ 35 ತಿಂಗಳಿಗೇ ಮುಗಿಯುತ್ತಿತ್ತು. ಬಡ್ಡಿಯ ಮೇಲಿನ ತೆರಿಗೆ ತಾನೇ ಅಂತ ಸುಮ್ನೆ ಬಿಡೋ ಹಾಗಿಲ್ಲ.

ಕಂತನ್ನು 4,000ಕ್ಕೆ ಏರಿಸಿದರೆ ಮೊದಲ ತಿಂಗಳೇ 1,522 ಅಸಲಿಗೆ ಹೋಗುತ್ತದೆ. 24 ತಿಂಗಳಿಗೆ ಮುಕ್ತಿ, ಒಟ್ಟು ಸುಮಾರು 95,500. ಅದೇ 2,500ಕ್ಕೆ ಇಳಿಸಿದರೆ ಅಸಲಿಗೆ ಸಿಗುವುದು 22 ರೂಪಾಯಿ, ಸಾಲ ತೀರಲು 117 ತಿಂಗಳು! ಕಂತಿನಲ್ಲಿ ಇಳಿಸಿದ್ದು ಐನೂರೇ ರೂಪಾಯಿ, ಅಲ್ವಾ? 2,400 ಹಾಕಿ ನೋಡಿ, ಸ್ಪ್ರೆಡ್‌ಶೀಟ್ `#NUM!` ಅನ್ನುತ್ತದೆ. ಬಡ್ಡಿಗೇ ಸಾಕಾಗದ ಕಂತಿನಿಂದ ಸಾಲ ಯಾವತ್ತೂ ತೀರುವುದಿಲ್ಲ.

ಬ್ಯಾಂಕು ಬಡ್ಡಿಯನ್ನು ದಿನದ ಲೆಕ್ಕದಲ್ಲಿ ಹಾಕುವುದರಿಂದ ಸ್ಟೇಟ್‌ಮೆಂಟಿನ ಅಂಕಿ ತುಸು ಆಚೀಚೆ ಆಗುತ್ತದೆ, ಅದು ದೊಡ್ಡದಲ್ಲ. ಲೆಕ್ಕ ಪೂರ್ತಿ ಕೆಡುವುದು ಅದೇ ಕಾರ್ಡನ್ನು ಮತ್ತೆ ಉಜ್ಜಿದಾಗ. ಹಳೇ ಬಾಕಿ ಇರುವಾಗ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಮೊದಲ ತಿಂಗಳು 522 ರೂಪಾಯಿಯ ದಿನಸಿ ತಂದರೂ ಸಾಕು, ಆ ತಿಂಗಳು ಕಟ್ಟಿದ್ದರಿಂದ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ.