ದಿನವೂ ಒರೆಸುವ ಕಾರಿನ ಮೇಲೆ ಗೀರುಗಳೇಕೆ?

ಪ್ರಶ್ನೆ: ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಬಂದು ತಿಂಗಳಿಗೆ 600 ರೂಪಾಯಿಯಂತೆ ದಿನವೂ ಕಾರು ಒರೆಸಿಕೊಡುತ್ತಾರೆ. ಎರಡು ವರ್ಷವಾದ ನಮ್ಮ ಕಪ್ಪು ಕಾರನ್ನು ಬಿಸಿಲಿಗೆ ನಿಲ್ಲಿಸಿದಾಗ ಬಾನೆಟ್ ಮೇಲೆ ಜೇಡರ ಬಲೆಯಂತೆ ಸಣ್ಣ ಗೀರುಗಳು ಕಾಣುತ್ತವೆ. ಇದು ಒರೆಸುವುದರಿಂದಲೇ ಆಗಿದೆಯೆ? ತಿಂಗಳ ಲೆಕ್ಕದ ಈ ಸೇವೆಯನ್ನು ನಿಲ್ಲಿಸಬೇಕೆ?

ಉತ್ತರ: ಬಹುಮಟ್ಟಿಗೆ ಒರೆಸುವುದರಿಂದಲೇ ಆಗಿದೆ. ಆದರೆ ಸೇವೆಯನ್ನು ನಿಲ್ಲಿಸಬೇಕಾಗಿಲ್ಲ. ದಿನವೂ ಒರೆಸಿ ಎನ್ನುವುದನ್ನು ನಿಲ್ಲಿಸಿದರೆ ಸಾಕು.

ಕಾರಿನ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರವಿರುತ್ತದೆ. ಸಾಮಾನ್ಯವಾಗಿ ಅದರ ದಪ್ಪ 40ರಿಂದ 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ರಾತ್ರಿ ಕಳೆಯುವಷ್ಟರಲ್ಲಿ ಕಾರಿನ ಮೇಲೆ ಕೂರುವ ದೂಳಿನಲ್ಲಿ ರಸ್ತೆಯ ಮಣ್ಣು, ಬೆಣಚುಕಲ್ಲಿನ ಕಣ, ಬೇಸ್‌ಮೆಂಟಿನ ಕಾಂಕ್ರೀಟ್ ನೆಲದಿಂದ ಏಳುವ ಪುಡಿ ಎಲ್ಲವೂ ಸೇರಿರುತ್ತವೆ, ಮತ್ತು ಇವುಗಳಲ್ಲಿ ಹಲವು ಕಣಗಳು ಆ ಪದರಕ್ಕಿಂತ ಗಡುಸಾಗಿರುತ್ತವೆ. ಒಣಬಟ್ಟೆಯಿಂದಲೋ ಹಿಂಡಿದ ಬಟ್ಟೆಯಿಂದಲೋ ಒರೆಸಿದಾಗ ದೂಳು ಏಳುವುದಿಲ್ಲ, ಬಟ್ಟೆಯ ಕೆಳಗೆ ಸಿಕ್ಕಿ ಮೇಲ್ಮೈಯನ್ನು ಉಜ್ಜುತ್ತ ಹೋಗುತ್ತದೆ. ಬಿಳಿ ಮತ್ತು ಬೂದು ಬಣ್ಣದ ಕಾರುಗಳಿಗೂ ಇದೇ ಆಗುತ್ತದೆಯಾದರೂ ಅವುಗಳಲ್ಲಿ ಕಣ್ಣಿಗೆ ಬೀಳುವುದು ಕಡಿಮೆ.

ಕಾರಣ ಒರೆಸುವಿಕೆಯೇ ಎಂದು ಖಚಿತಪಡಿಸಿಕೊಳ್ಳಲು ಒಂದು ಸುಲಭದ ಪರೀಕ್ಷೆ ಇದೆ. ಬೇಸ್‌ಮೆಂಟಿನ ಮಬ್ಬು ಬೆಳಕಿನಲ್ಲಿ ಮೊಬೈಲ್ ಟಾರ್ಚನ್ನು ಬಾನೆಟ್‌ಗೆ ಹತ್ತಿರ ಹಿಡಿಯಿರಿ. ಬೆಳಕಿನ ಸುತ್ತ ವೃತ್ತಾಕಾರದಲ್ಲಿ ಗೀರುಗಳು ಹೊಳೆಯುತ್ತವೆ. ಅನಂತರ ಒಂದು ಸ್ಟೂಲಿನ ಮೇಲೆ ನಿಂತು ಅದೇ ಟಾರ್ಚನ್ನು ಕಾರಿನ ತಾರಸಿಯ ನಟ್ಟನಡುವೆ, ಒರೆಸುವವರ ಕೈ ಅಪರೂಪಕ್ಕೆ ತಲುಪುವ ಜಾಗದಲ್ಲಿ ಹಿಡಿಯಿರಿ. ಬಾನೆಟ್ ತುಂಬ ಗೀರುಗಳಿದ್ದು ತಾರಸಿಯ ನಡುಭಾಗ ಸ್ವಚ್ಛವಾಗಿದ್ದರೆ ಬಿಸಿಲನ್ನೋ ಕಂಪನಿಯ ಬಣ್ಣವನ್ನೋ ದೂರುವಂತಿಲ್ಲ.

ಹಾಗೆಂದು ಒರೆಸುವವರನ್ನು ದೂರುವುದೂ ಸರಿಯಲ್ಲ. ಒಂದು ಲೆಕ್ಕ ಹಾಕಿ ನೋಡೋಣ. ಒಬ್ಬರು ಬೆಳಗ್ಗೆ 5:30ರಿಂದ 9:30ರವರೆಗೆ 30 ಕಾರುಗಳನ್ನು ನೋಡಿಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. 240 ನಿಮಿಷಕ್ಕೆ 30 ಕಾರು ಎಂದರೆ ಒಂದಕ್ಕೆ ಸಿಗುವುದು 8 ನಿಮಿಷ, ಅದರಲ್ಲಿಯೇ ನೀರು ತರುವುದು, ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗುವುದು, ಎಂಟು ಗಂಟೆಗೇ ಹೊರಡುವವರ ಕಾರನ್ನು ಮೊದಲು ಮುಗಿಸುವುದು ಎಲ್ಲವೂ ಆಗಬೇಕು. ಇಷ್ಟು ಹೊತ್ತಿನಲ್ಲಿ ಒಂದೇ ಬಕೆಟ್, ಒಂದೇ ಬಟ್ಟೆ ಹಿಡಿದು ಸರಸರನೆ ಒರೆಸುವುದನ್ನು ಬಿಟ್ಟು ಬೇರೆ ದಾರಿ ಯಾರಿಗೂ ಇಲ್ಲ. ಹತ್ತು ಕಾರುಗಳಾಗುವಷ್ಟರಲ್ಲಿ ಆ ಬಕೆಟ್ಟಿನ ನೀರು ಕೆಸರಾಗಿರುತ್ತದೆ. ನಿಮ್ಮ ಕಾರು ಸಾಲಿನಲ್ಲಿ ಇಪ್ಪತ್ತನೆಯದಾಗಿದ್ದರೆ ನೆರೆಯವರ ಚಕ್ರದ ಮಣ್ಣು ನಿಮ್ಮ ಬಾನೆಟ್ ಮೇಲೆ ಬರುತ್ತದೆ.

ಅದೇ 30 ಕಾರುಗಳನ್ನು ಹತ್ತರಂತೆ ಮೂರು ಗುಂಪು ಮಾಡಿ, ಮೊದಲ ಗುಂಪಿಗೆ ಸೋಮವಾರ ಮತ್ತು ಗುರುವಾರ, ಎರಡನೆಯದಕ್ಕೆ ಮಂಗಳವಾರ ಮತ್ತು ಶುಕ್ರವಾರ, ಮೂರನೆಯದಕ್ಕೆ ಬುಧವಾರ ಮತ್ತು ಶನಿವಾರ ಎಂದು ನಿಗದಿ ಮಾಡಿದರೆ, ಕೆಲಸದ ಹೊತ್ತು ಹೆಚ್ಚದೆಯೇ ಪ್ರತಿ ಕಾರಿಗೆ 24 ನಿಮಿಷ ಸಿಗುತ್ತದೆ. ಹಣವನ್ನು ಮಾತ್ರ ಕಡಿಮೆ ಮಾಡಬೇಡಿ. ದಿನಗಳು ಕಡಿಮೆಯಾದವೆಂದು 600 ರೂಪಾಯಿಯನ್ನು 300ಕ್ಕೆ ಇಳಿಸಿದರೆ ಅವರು ಇನ್ನೂ ಮೂವತ್ತು ಕಾರು ಒಪ್ಪಿಕೊಳ್ಳಬೇಕಾಗುತ್ತದೆ, ಆಗ ದಿನಕ್ಕೆ 20 ಕಾರಾಗಿ ಒಂದಕ್ಕೆ ಸಿಗುವ ಹೊತ್ತು 12 ನಿಮಿಷಕ್ಕೆ ಇಳಿಯುತ್ತದೆ. ಎಲ್ಲ ಮನೆಗಳೂ ಒಪ್ಪಬೇಕೆಂದಿಲ್ಲ, ನಿಮ್ಮ ಮಹಡಿಯ ಏಳೆಂಟು ಮನೆಯವರು ಒಟ್ಟಾಗಿ ಮಾತನಾಡಿದರೂ ಇದನ್ನು ಆರಂಭಿಸಬಹುದು.

ಈ 24 ನಿಮಿಷದಲ್ಲಿ ಮಾಡಬೇಕಾದದ್ದು ಹೀಗೆ. ರಿನ್ಸ್‌ಲೆಸ್ ವಾಶ್ ಎಂಬ ಹೆಸರಿನಲ್ಲಿ ಸಿಗುವ ದ್ರಾವಣವನ್ನು ಬಾಟಲಿಯ ಮೇಲೆ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. 256 ಪಾಲು ನೀರಿಗೆ ಒಂದು ಪಾಲು ಎಂದಿದ್ದರೆ 10 ಲೀಟರಿನ ಬಕೆಟ್ಟಿಗೆ ಸುಮಾರು 40 ಮಿಲಿಲೀಟರ್ ಸಾಕು. ಅದರಲ್ಲಿ ಆರೇಳು ಮೈಕ್ರೋಫೈಬರ್ ಬಟ್ಟೆಗಳನ್ನು ನೆನೆಹಾಕಿ, ಒಂದನ್ನು ಹಿಂಡದೆ ತೆಗೆದು ನಾಲ್ಕು ಮಡಿಕೆ ಮಾಡಿ, ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿಗೆ, ಒತ್ತದೆ ಎಳೆಯಬೇಕು. ಒಂದು ಬದಿ ಕೊಳೆಯಾದೊಡನೆ ಮಡಿಕೆ ತಿರುವಬೇಕು, ಎಲ್ಲ ಬದಿಗಳೂ ಮುಗಿದ ಬಟ್ಟೆಯನ್ನು ಬೇರೆ ಚೀಲಕ್ಕೆ ಹಾಕಬೇಕೇ ಹೊರತು ಬಕೆಟ್ಟಿಗೆ ಮರಳಿ ಅದ್ದಬಾರದು. ಇಡೀ ವಿಧಾನದ ಜೀವಾಳ ಇದೇ. ಕೊನೆಗೆ ಒಣಬಟ್ಟೆಯಿಂದ ತೇವ ತೆಗೆಯಬೇಕು. ಚಕ್ರಗಳಿಗೆ ಬೇರೆ ಬಣ್ಣದ ಬಟ್ಟೆಯಿರಲಿ. ಬಟ್ಟೆಗಳನ್ನು ನೀವೇ ಕೊಂಡು, ನಿಮ್ಮ ಮನೆಯಲ್ಲಿಯೇ ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕದೆ ಒಗೆಸಿಕೊಟ್ಟರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇದಕ್ಕೊಂದು ಮಿತಿಯಿದೆ. ಈ ವಿಧಾನ ದೂಳಿಗೆ ಮಾತ್ರ ಸರಿ. ಮಳೆಯಲ್ಲಿ ಓಡಾಡಿ ಕೆಳಭಾಗಕ್ಕೆ ಕೆಸರು ಮೆತ್ತಿಕೊಂಡಿದ್ದರೆ ಮೊದಲು ನೀರು ಹಾಯಿಸಿ ಕೆಸರು ಬಿಡಿಸಲೇಬೇಕು, ಮತ್ತು ಆ ಕೆಲಸಕ್ಕೆ ವಾಟರ್ ಸರ್ವೀಸ್ ಅಂಗಡಿಯೇ ಲೇಸು. ಬೆಂಗಳೂರು ಜಲಮಂಡಳಿಯು 2024ರ ಮಾರ್ಚ್‌ನಲ್ಲಿ, ಮತ್ತೆ 2025ರ ಫೆಬ್ರುವರಿಯಲ್ಲಿ, ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶಿಸಿದ್ದು ನೆನಪಿರಬಹುದು. ಹಾಗಾಗಿ ಕೆಲವೆಡೆ ಕೊಳಚೆ ನೀರಿನ ಶುದ್ಧೀಕರಣ ಘಟಕವಾದ ಎಸ್‌ಟಿಪಿಯಲ್ಲಿ ಸಂಸ್ಕರಿಸಿದ ನೀರನ್ನು ಬಳಸುತ್ತಾರೆ. ಆ ಸಂಸ್ಕರಣೆಯಿಂದ ನೀರಿನಲ್ಲಿ ಕರಗಿದ ಲವಣಗಳು ಹೋಗುವುದಿಲ್ಲ. ಗಡಸು ಬೋರ್‌ವೆಲ್ ನೀರಿನಂತೆ ಅದೂ ಕಾರಿನ ಮೇಲೆ ತಾನಾಗಿ ಆರಿದರೆ ಬಿಳಿ ಉಂಗುರದಂಥ ಕಲೆ ಉಳಿಸುತ್ತದೆ. ಚಕ್ರಗಳಿಗೆ ಅದು ಸಾಕು, ಮೈಗೆ ಬಳಸಿದರೆ ತಕ್ಷಣ ಒರೆಸಿ ಒಣಗಿಸಬೇಕು.

ಈಗಾಗಲೇ ಬಿದ್ದಿರುವ ಗೀರುಗಳ ಮಾತಿಗೆ ಬರೋಣ. ಉಗುರನ್ನು ಅಡ್ಡಲಾಗಿ ಎಳೆದಾಗ ತಡೆಯದ ಗೀರುಗಳು ಮೆಷಿನ್ ಪಾಲಿಶ್‌ನಿಂದ ಹೋಗುತ್ತವೆ, ತಡೆಯುವವು ಸಾಮಾನ್ಯವಾಗಿ ಹೋಗುವುದಿಲ್ಲ. ಪಾಲಿಶ್ ಎಂದರೆ ಕ್ಲಿಯರ್ ಕೋಟಿನ ಮೇಲ್ಭಾಗವನ್ನು ಒಂದೆರಡು ಮೈಕ್ರಾನ್‌ನಷ್ಟಾದರೂ ಸವೆಸಿ ಸಮ ಮಾಡುವುದು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಪಾಲಿಶ್ ಉಚಿತ ಎನ್ನುವ ಪ್ಯಾಕೇಜ್ ನಿಜವಾಗಿದ್ದರೆ ಅಪಾಯಕಾರಿ. ಅನೇಕ ವೇಳೆ ಅದು ನಿಜವಾದ ಪಾಲಿಶ್ ಆಗಿರುವುದೇ ಇಲ್ಲ, ಗೀರುಗಳೊಳಗೆ ಎಣ್ಣೆಯಂಥ ದ್ರವ ತುಂಬಿ ಮರೆಮಾಡುವ ಹೊಳಪು ಅಷ್ಟೆ. ಐಸೊಪ್ರೊಪೈಲ್ ಆಲ್ಕೊಹಾಲ್‌ಗೆ ಅಷ್ಟೇ ನೀರು ಬೆರೆಸಿ ಅಂಗೈಯಗಲ ಜಾಗವನ್ನು ಒರೆಸಿ ಟಾರ್ಚ್ ಹಿಡಿದರೆ, ಮರೆಯಾಗಿದ್ದ ಗೀರುಗಳು ಮತ್ತೆ ಕಾಣಿಸುತ್ತವೆ. ಒರೆಸುವ ಕ್ರಮ ಬದಲಾಗಿ ಒಂದೆರಡು ತಿಂಗಳು ಸರಿಯಾಗಿ ನಡೆಯುತ್ತಿದೆ ಎಂದಾದ ಮೇಲೆ ಒಮ್ಮೆ ಪಾಲಿಶ್ ಮಾಡಿಸಿ, ಅದಕ್ಕೂ ಮೊದಲು ಮಾಡಿಸಿದರೆ ಹೊಸ ಗೀರುಗಳಿಗೆ ಜಾಗ ಮಾಡಿಕೊಟ್ಟಂತೆ.

ಇದೇ ಸೇವೆಯಲ್ಲಿ ಬೈಕನ್ನೂ ಸೇರಿಸುವುದಾದರೆ ಟ್ಯಾಂಕಿಗೆ ಮೇಲಿನ ವಿಧಾನವೇ ಸಾಕು, ಆದರೆ ಎರಡು ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಡಿ. ಕಾರಿನ ಟಯರಿಗೆ ಹಚ್ಚುವ ಹೊಳಪಿನ ದ್ರವವನ್ನು ಬೈಕಿನ ಟಯರಿಗೆ ಹಚ್ಚಲೇಬಾರದು. ಅದು ನೆಲ ತಾಗುವ ಭಾಗಕ್ಕೆ ಹರಿದರೆ ಮೊದಲ ತಿರುವಿನಲ್ಲಿಯೇ ಗಾಡಿ ಜಾರುತ್ತದೆ. ಡಿಸ್ಕ್ ಬ್ರೇಕಿನ ತಟ್ಟೆಗೆ ಪಾಲಿಶ್ ಆಗಲಿ, ಚೈನಿನ ಎಣ್ಣೆ ಮೆತ್ತಿದ ಬಟ್ಟೆಯಾಗಲಿ ತಾಗಬಾರದು, ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.